ಸಮಸ್ಯೆಯ ಕೊನೆಯ ಸಾಲು ಓದುವ ಬಗೆ

ಕೋಡಿಂಗ್ ಸ್ಪರ್ಧೆಗಳಲ್ಲಿ, ಕೆಲಸಕ್ಕೆ ಸೇರುವವರಿಗೆ ಇಡುವ ಆನ್‌ಲೈನ್ ಪರೀಕ್ಷೆಗಳಲ್ಲಿ ಕೊಡುವ ಸಮಸ್ಯೆಗೆ ಎರಡು ಭಾಗಗಳಿರುತ್ತವೆ. ಮೇಲೆ ಒಂದು ಕಥೆ. ಅದರ ಕೆಳಗೆ ಕೆಲವು ಮಿತಿಗಳು, ಅಂದರೆ ಕನ್‌ಸ್ಟ್ರೇಂಟ್‌ಗಳು: ವಸ್ತುಗಳ ಸಂಖ್ಯೆ ಇಷ್ಟಕ್ಕಿಂತ ಹೆಚ್ಚಿರುವುದಿಲ್ಲ, ಒಂದೊಂದರ ಬೆಲೆ ಇಷ್ಟನ್ನು ದಾಟುವುದಿಲ್ಲ, ಪ್ರೋಗ್ರಾಂ 2 ಸೆಕೆಂಡಿನಲ್ಲಿ ಮುಗಿಯಬೇಕು. ಹೊಸಬರು ಕಥೆಯನ್ನು ನಾಲ್ಕು ಸಲ ಓದುತ್ತಾರೆ, ಮಿತಿಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಪಳಗಿದವರು ಕಥೆ ಅರ್ಥವಾದ ಕೂಡಲೇ ಮಿತಿಗಳಲ್ಲಿ ನಿಂತುಬಿಡುತ್ತಾರೆ. ಯಾವ ಆಲ್ಗಾರಿದಮ್ ಬೇಕು ಎಂಬುದನ್ನು ಬಹಳ ಸಲ ಆ ಅಂಕಿಗಳೇ ಹೇಳಿಬಿಡುತ್ತವೆ. ಅದು ಹೇಗೆ ಎಂಬುದನ್ನು ಇಂದು ಒಂದೇ ಸಮಸ್ಯೆಯನ್ನು ಹಿಡಿದು ನೋಡೋಣ. ಕಥೆ ಬದಲಾಗುವುದಿಲ್ಲ, ಮಿತಿಗಳು ಮಾತ್ರ ಬದಲಾಗುತ್ತಾ ಹೋಗುತ್ತವೆ.

ಮೊದಲು ಕೈಯಲ್ಲಿರಬೇಕಾದ ಒಂದು ಅಳತೆ. ಸಿ ಪ್ಲಸ್ ಪ್ಲಸ್‌ನಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಹೆಜ್ಜೆಗಳನ್ನು ಹಾಕುತ್ತದೆ ಎಂಬುದು ಸ್ಪರ್ಧಿಗಳ ರೂಢಿಯ ಲೆಕ್ಕ. ಒಂದು ಕೂಡುವುದು, ಒಂದು ಹೋಲಿಸುವುದು, ಪಟ್ಟಿಯ ಒಂದು ಮನೆಯಿಂದ ಓದುವುದು, ಇಂಥದ್ದು ಒಂದು ಹೆಜ್ಜೆ. ಇದು ಕರಾರುವಾಕ್ಕಾದ ಅಳತೆಯಲ್ಲ. ಹೆಜ್ಜೆ ತೀರಾ ಹಗುರವಾಗಿದ್ದರೆ ಇದರ ಹಲವು ಪಟ್ಟು ಓಡಬಹುದು, ಪ್ರತಿ ಹೆಜ್ಜೆಗೂ ಮೆಮೊರಿಯಲ್ಲಿ ಅಲ್ಲಿಂದಿಲ್ಲಿಗೆ ಹಾರಬೇಕಾದರೆ ಇದರ ಅರ್ಧವೂ ಓಡದೆ ಇರಬಹುದು. ಪೈಥಾನ್‌ನಲ್ಲಿ ಸಾದಾ ಲೂಪ್ ಬರೆದರೆ ಒಂದು ಕೋಟಿಯನ್ನು ಮುಟ್ಟುವುದೇ ಕಷ್ಟ. ಆದರೂ ಈ 10 ಕೋಟಿ ನಮ್ಮ ಕೆಲಸಕ್ಕೆ ಸಾಕು, ಏಕೆಂದರೆ ನಾವು ಬೇರೆ ಮಾಡಿ ನೋಡಬೇಕಾಗಿರುವುದು ಒಂದು ಕೋಟಿಗೂ ಹತ್ತು ಸಾವಿರ ಕೋಟಿಗೂ ಇರುವ ಅಂತರವನ್ನು.

ಈಗ ಸಮಸ್ಯೆಗೆ ಬರೋಣ. ಜಪಾನಿನ ಆಟ್‌ಕೋಡರ್ ಎಂಬ ಸ್ಪರ್ಧಾ ತಾಣವು 2019ರ ಜನವರಿಯಲ್ಲಿ ಡೈನಮಿಕ್ ಪ್ರೋಗ್ರಾಮಿಂಗ್ ಕಲಿಯುವವರಿಗಾಗಿ ಒಂದು ಸ್ಪರ್ಧೆ ನಡೆಸಿತು. ಇಂಗ್ಲಿಷಿನ ಎ ಅಕ್ಷರದಿಂದ ಝಡ್‌ವರೆಗೆ 26 ಸಮಸ್ಯೆಗಳು. ಅವುಗಳಲ್ಲಿ ಡಿ ಮತ್ತು ಇ ಎಂಬ ಎರಡಕ್ಕೂ ಕಥೆ ಒಂದೇ, ಸಾಕಷ್ಟು ಹಳೆಯ ನ್ಯಾಪ್‌ಸ್ಯಾಕ್ ಸಮಸ್ಯೆ. ಕೆಲವು ವಸ್ತುಗಳಿವೆ, ಒಂದೊಂದಕ್ಕೂ ಒಂದು ತೂಕ, ಒಂದು ಬೆಲೆ. ಚೀಲಕ್ಕೆ ಇಂತಿಷ್ಟೇ ತೂಕ ಹೊರುವ ಶಕ್ತಿ. ಯಾವ ವಸ್ತುಗಳನ್ನು ತುಂಬಿಕೊಂಡರೆ ಒಟ್ಟು ಬೆಲೆ ಅತಿ ಹೆಚ್ಚಾಗುತ್ತದೆ? ಎರಡಕ್ಕೂ ಕೊಟ್ಟಿರುವ ಮೊದಲ ಮಾದರಿಯೂ ಒಂದೇ. ಚೀಲದ ಶಕ್ತಿ 8. ಮೂರು ವಸ್ತುಗಳು: ತೂಕ 3 ಬೆಲೆ 30, ತೂಕ 4 ಬೆಲೆ 50, ತೂಕ 5 ಬೆಲೆ 60. ಮೊದಲನೆಯದನ್ನೂ ಮೂರನೆಯದನ್ನೂ ತೆಗೆದುಕೊಂಡರೆ ತೂಕ ಸರಿಯಾಗಿ 8, ಬೆಲೆ 90. ಅದೇ ಉತ್ತರ.

ಇದನ್ನು ಕಂಡ ಕೂಡಲೇ ಬಹಳ ಮಂದಿಗೆ ಹೊಳೆಯುವ ಉಪಾಯ ಒಂದಿದೆ: ತೂಕಕ್ಕೆ ಹೋಲಿಸಿದರೆ ಯಾವುದರ ಬೆಲೆ ಹೆಚ್ಚೋ ಅದನ್ನು ಮೊದಲು ಹಾಕಿಕೊಳ್ಳುವುದು. ನಮ್ಮ ಮಾದರಿಯಲ್ಲಿ ಎರಡನೆಯ ವಸ್ತುವಿಗೆ ಒಂದು ತೂಕಕ್ಕೆ ಹನ್ನೆರಡೂವರೆ, ಮೂರನೆಯದಕ್ಕೆ 12, ಮೊದಲನೆಯದಕ್ಕೆ 10. ಹಾಗೆ ಹೋದರೆ ಮೊದಲು 4 ತೂಕದ್ದನ್ನು ಹಾಕುತ್ತೇವೆ. ಆಮೇಲೆ 5 ತೂಕದ್ದು ಹಿಡಿಸುವುದಿಲ್ಲ. 3 ತೂಕದ್ದನ್ನು ಹಾಕಿ 80ಕ್ಕೆ ತೃಪ್ತರಾಗಬೇಕು. ಉತ್ತರ ತಪ್ಪು. ಮಾದರಿಯನ್ನು ಹೀಗೆ ಪರೀಕ್ಷಿಸುವ ಮೊದಲೇ ಈ ದಾರಿಯನ್ನು ಅನುಮಾನಿಸಲು ಮಿತಿಗಳಲ್ಲಿ ಕಾರಣವಿತ್ತು. ವಸ್ತುಗಳ ಸಂಖ್ಯೆ ಹೆಚ್ಚೆಂದರೆ 100 ಎಂದು ಅಲ್ಲಿ ಬರೆದಿದೆ. ಸಾಲಾಗಿ ಜೋಡಿಸಿ ಒಂದೊಂದಾಗಿ ಎತ್ತಿಕೊಳ್ಳುವ ಗ್ರೀಡಿ ವಿಧಾನಕ್ಕೆ 2 ಲಕ್ಷ ವಸ್ತುಗಳಿದ್ದರೂ ಮೂವತ್ತು ನಲವತ್ತು ಲಕ್ಷ ಹೆಜ್ಜೆ ಸಾಕು. ಅಷ್ಟು ಸುಲಭದ ದಾರಿ ಸರಿಯಾಗಿದ್ದರೆ ಸಮಸ್ಯೆ ರಚಿಸಿದವರು 100ಕ್ಕೇ ಏಕೆ ನಿಲ್ಲಿಸುತ್ತಿದ್ದರು? ಮಿತಿ ಇಷ್ಟು ಚಿಕ್ಕದಾಗಿದ್ದರೆ ನಿಜವಾದ ದಾರಿ ಇದಕ್ಕಿಂತ ಭಾರವಾದದ್ದು ಎಂದು ಊಹಿಸಬೇಕು.

ಆ ಭಾರ ಎಷ್ಟಿರಬಹುದು? ಡಿ ಸಮಸ್ಯೆಯ ಮಿತಿಗಳನ್ನು ಪೂರ್ತಿ ಓದೋಣ. ವಸ್ತುಗಳು 100ರವರೆಗೆ. ಚೀಲದ ಶಕ್ತಿ 1 ಲಕ್ಷದವರೆಗೆ. ಒಂದೊಂದರ ಬೆಲೆ 100 ಕೋಟಿಯವರೆಗೆ. ಸಮಯ 2 ಸೆಕೆಂಡು. ಈ ಮೂರು ಅಂಕಿಗಳಲ್ಲಿ ಯಾವುದರ ಮೇಲೆ ಲೂಪ್ ಓಡಿಸಲು ಸಾಧ್ಯ? 100 ಕೋಟಿಯ ಮೇಲೆ ಆಗದು. ಎಲ್ಲ ಆಯ್ಕೆಗಳನ್ನೂ ನೋಡುತ್ತೇನೆಂದರೆ ಎರಡನ್ನು ನೂರು ಸಲ ಗುಣಿಸಿದಷ್ಟು ಸಾಧ್ಯತೆಗಳಿವೆ, ಅದರ ಮಾತೇ ಬೇಡ. ಉಳಿಯುವುದು 100 ಮತ್ತು 1 ಲಕ್ಷ. ಅವುಗಳ ಗುಣಲಬ್ಧ 1 ಕೋಟಿ, 2 ಸೆಕೆಂಡಿಗೆ ಧಾರಾಳ. ಈ ಗುಣಾಕಾರ ಮಾಡಿದ ಕ್ಷಣದಲ್ಲೇ ಉತ್ತರದ ಆಕಾರ ಕಾಣಿಸುತ್ತದೆ: ವಸ್ತುಗಳು ಒಂದು ಕಡೆ, ತೂಕ ಇನ್ನೊಂದು ಕಡೆ ಇರುವ ಕೋಷ್ಟಕ. ಶೂನ್ಯದಿಂದ 1 ಲಕ್ಷದವರೆಗಿನ ಪ್ರತಿಯೊಂದು ತೂಕಕ್ಕೂ “ಇಷ್ಟು ತೂಕದೊಳಗೆ ಈವರೆಗೆ ಸಿಗುವ ಅತಿ ಹೆಚ್ಚಿನ ಬೆಲೆ ಎಷ್ಟು” ಎಂದು ಬರೆದಿಟ್ಟುಕೊಂಡು, ಹೊಸ ವಸ್ತು ಬಂದಾಗಲೆಲ್ಲ ಅದನ್ನು ಹಾಕಿದರೆ ಲಾಭವೋ ಬಿಟ್ಟರೆ ಲಾಭವೋ ಎಂದು ಪ್ರತಿ ಮನೆಯನ್ನೂ ತಿದ್ದುತ್ತಾ ಹೋಗುವುದು. ಡೈನಮಿಕ್ ಪ್ರೋಗ್ರಾಮಿಂಗ್ ಎಂದರೆ ಇಲ್ಲಿ ಇಷ್ಟೇ.

ಅದೇ ಸಾಲಿನಲ್ಲಿ ಇನ್ನೊಂದು ಸೂಚನೆಯೂ ಅಡಗಿದೆ. ಒಂದೊಂದರ ಬೆಲೆ 100 ಕೋಟಿ, ವಸ್ತುಗಳು 100 ಎಂದರೆ ಒಟ್ಟು ಬೆಲೆ 10 ಸಾವಿರ ಕೋಟಿಯವರೆಗೆ ಏರಬಹುದು. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವುದು ಸುಮಾರು 214 ಕೋಟಿ ಮಾತ್ರ. ಆದ್ದರಿಂದ ಕೋಷ್ಟಕದ ಮನೆಗಳು 64 ಬಿಟ್‌ನವಾಗಿರಬೇಕು. ಆಲ್ಗಾರಿದಮ್ ಸರಿಯಿದ್ದೂ ಇಲ್ಲಿ ಎಡವುವವರು ಬಹಳ. ಅವರಿಗೆ ಮೊದಲ ಮಾದರಿ ಸರಿಯಾಗಿ ಬರುತ್ತದೆ, ಚಿಕ್ಕ ಪರೀಕ್ಷೆಗಳೆಲ್ಲ ದಾಟುತ್ತವೆ, ದೊಡ್ಡ ಬೆಲೆಗಳು ಬಂದಾಗ ಉತ್ತರ ಇದ್ದಕ್ಕಿದ್ದಂತೆ ತಪ್ಪಾಗಿಬಿಡುತ್ತದೆ.

ಈಗ ಇ ಸಮಸ್ಯೆ. ಕಥೆಯಲ್ಲಿ ಒಂದು ಪದವೂ ಬದಲಾಗಿಲ್ಲ. ವಸ್ತುಗಳು 100ರವರೆಗೇ. ಆದರೆ ಚೀಲದ ಶಕ್ತಿ ಈಗ 100 ಕೋಟಿಯವರೆಗೆ. ಹಿಂದಿನ ಕೋಷ್ಟಕವನ್ನೇ ತಂದರೆ 100 ಗುಣಿಸು 100 ಕೋಟಿ, ಅಂದರೆ 10 ಸಾವಿರ ಕೋಟಿ ಹೆಜ್ಜೆ. ನಮ್ಮ ಅಳತೆಯ ಪ್ರಕಾರ ಸಾವಿರ ಸೆಕೆಂಡು, ಹದಿನಾರು ನಿಮಿಷಕ್ಕೂ ಹೆಚ್ಚು. ಸಮಯಕ್ಕಿಂತ ಮೊದಲು ಮೆಮೊರಿಯೇ ಸೋಲುತ್ತದೆ: 100 ಕೋಟಿ ಮನೆಗಳು, ಒಂದೊಂದಕ್ಕೆ 8 ಬೈಟ್, ಒಟ್ಟು 8 ಗಿಗಾಬೈಟ್. ಅಲ್ಲಿ ಕೊಟ್ಟಿರುವುದು 1 ಗಿಗಾಬೈಟ್ ಮಾತ್ರ.

ಇಲ್ಲಿ ಕೈಚೆಲ್ಲುವ ಬದಲು ಉಳಿದ ಅಂಕಿಯನ್ನು ನೋಡಬೇಕು. ಬೆಲೆ ಈಗ ಹೆಚ್ಚೆಂದರೆ 1000. ಹಿಂದಿನ ಸಮಸ್ಯೆಯಲ್ಲಿ 100 ಕೋಟಿಯಿದ್ದದ್ದು ಇಲ್ಲಿ 1000ಕ್ಕೆ ಇಳಿದದ್ದು ಆಕಸ್ಮಿಕವಲ್ಲ. ಒಂದು ದೊಡ್ಡದಾಗುವಾಗ ಇನ್ನೊಂದನ್ನು ಚಿಕ್ಕದು ಮಾಡಿದ್ದಾರೆ ಎಂದರೆ, ಆ ಚಿಕ್ಕದಾದದ್ದರ ಮೇಲೆ ನಾವು ಲೂಪ್ ಓಡಿಸಬೇಕೆಂಬುದು ಅವರ ನಿರೀಕ್ಷೆ. 100 ವಸ್ತುಗಳು, ಒಂದೊಂದು 1000, ಹಾಗಾಗಿ ಒಟ್ಟು ಬೆಲೆ 1 ಲಕ್ಷವನ್ನು ಮೀರುವುದಿಲ್ಲ. 100 ಗುಣಿಸು 1 ಲಕ್ಷ, ಮತ್ತೆ ಅದೇ 1 ಕೋಟಿ. ಎರಡು ಸಮಸ್ಯೆಗಳ ಹೆಜ್ಜೆಗಳ ಲೆಕ್ಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಳ್ಳುವುದನ್ನು ಕಂಡಾಗ ರಚಿಸಿದವರ ಮನಸ್ಸು ಪುಸ್ತಕದಂತೆ ತೆರೆದುಕೊಳ್ಳುತ್ತದೆ. ನನಗೆ ಇದು ಈ ವಿದ್ಯೆಯ ಅತ್ಯಂತ ಸುಂದರ ಉದಾಹರಣೆ.

ಹಾಗಾದರೆ ಕೋಷ್ಟಕವನ್ನು ತಿರುಗಿಸಬೇಕು. ಸಂತೆಗೆ ಹೋದವರು “ನೂರು ರೂಪಾಯಿಗೆ ಎಷ್ಟು ತರಕಾರಿ ಬರುತ್ತದೆ” ಎಂದೂ ಕೇಳಬಹುದು, “ಇಷ್ಟು ತರಕಾರಿ ಬೇಕು, ಕಡಿಮೆಯೆಂದರೆ ಎಷ್ಟು ರೂಪಾಯಿ ಬೇಕಾಗುತ್ತದೆ” ಎಂದೂ ಕೇಳಬಹುದು. ನಾವು ಈಗ ಎರಡನೆಯ ಪ್ರಶ್ನೆ ಕೇಳುತ್ತೇವೆ. ಶೂನ್ಯದಿಂದ 1 ಲಕ್ಷದವರೆಗಿನ ಪ್ರತಿಯೊಂದು ಬೆಲೆಗೂ “ಈ ಬೆಲೆ ಸರಿಯಾಗಿ ಬರಬೇಕಾದರೆ ಹೊರಬೇಕಾದ ಅತಿ ಕಡಿಮೆ ತೂಕ ಎಷ್ಟು” ಎಂದು ಬರೆದುಕೊಳ್ಳುತ್ತೇವೆ. ನಮ್ಮ ಮಾದರಿಯಲ್ಲಿ ಬೆಲೆ 30ಕ್ಕೆ ತೂಕ 3, 50ಕ್ಕೆ 4, 60ಕ್ಕೆ 5, 80ಕ್ಕೆ 7, 90ಕ್ಕೆ 8, 110ಕ್ಕೆ 9, 140ಕ್ಕೆ 12. ಕೊನೆಯಲ್ಲಿ ಮೇಲಿನಿಂದ ಕೆಳಗೆ ಬರುತ್ತಾ, ಚೀಲದ ಶಕ್ತಿಯಾದ 8ನ್ನು ದಾಟದ ತೂಕ ಯಾವ ಬೆಲೆಗೆ ಮೊದಲು ಸಿಗುತ್ತದೋ ಅಲ್ಲಿ ನಿಲ್ಲುವುದು. 140 ಆಗಲಿಲ್ಲ, 110 ಆಗಲಿಲ್ಲ, 90 ಆಯಿತು.

ಇ ಸಮಸ್ಯೆಯ ಬೆಲೆಯನ್ನೂ 100 ಕೋಟಿಯವರೆಗೆ ಏರಿಸಿ, ವಸ್ತುಗಳನ್ನು ಮಾತ್ರ 40ಕ್ಕೆ ಇಳಿಸಿದರೆ ಏನು ಮಾಡುವುದು? ಈಗ ಯಾವ ಕೋಷ್ಟಕಕ್ಕೂ ಜಾಗವಿಲ್ಲ, ಲೂಪ್ ಓಡಿಸಬಹುದಾದದ್ದು 40ರ ಮೇಲೆ ಮಾತ್ರ. ಪ್ರತಿ ವಸ್ತುವನ್ನೂ ತೆಗೆದುಕೊಳ್ಳುವ ಇಲ್ಲವೇ ಬಿಡುವ ಎಲ್ಲ ಆಯ್ಕೆಗಳನ್ನು ಎಣಿಸಿದರೆ ಎರಡರ ನಲವತ್ತನೆಯ ಘಾತ, ಅಂದರೆ ಒಂದು ಲಕ್ಷ ಕೋಟಿಗಿಂತ ಹೆಚ್ಚು. ಅದು ಆಗದು. ಆದರೆ 20 ವಸ್ತುಗಳಾಗಿದ್ದರೆ 10,48,576 ಆಯ್ಕೆಗಳು ಮಾತ್ರ, ಅಷ್ಟನ್ನು ಲೀಲಾಜಾಲವಾಗಿ ನೋಡಿ ಮುಗಿಸಬಹುದಿತ್ತು. 40 ಎಂಬುದು ಇಪ್ಪತ್ತರ ಎರಡು ಪಟ್ಟು. ಮಿತಿಗಳಲ್ಲಿ 36, 40 ಇಂಥ ವಿಚಿತ್ರ ಅಂಕಿ ಕಂಡರೆ ಅರ್ಧ ಮಾಡಿ ನೋಡಿ ಎಂದು ಸ್ಪರ್ಧಿಗಳು ಒಬ್ಬರಿಗೊಬ್ಬರು ಹೇಳಿಕೊಡುವುದು ಇದಕ್ಕೇ.

ವಸ್ತುಗಳನ್ನು ಇಪ್ಪತ್ತು ಇಪ್ಪತ್ತರ ಎರಡು ಗುಂಪು ಮಾಡುತ್ತೇವೆ. ಪ್ರತಿ ಗುಂಪಿನ ಹತ್ತೂವರೆ ಲಕ್ಷ ಆಯ್ಕೆಗಳ ತೂಕ ಮತ್ತು ಬೆಲೆಯನ್ನು ಪಟ್ಟಿ ಮಾಡುತ್ತೇವೆ. ಎರಡನೆಯ ಪಟ್ಟಿಯನ್ನು ತೂಕದ ಪ್ರಕಾರ ಜೋಡಿಸಿ, ಪ್ರತಿ ಸಾಲಿನಲ್ಲಿ ಅಲ್ಲಿಯವರೆಗೆ ಕಂಡ ಅತಿ ಹೆಚ್ಚಿನ ಬೆಲೆಯನ್ನು ಗುರುತು ಹಾಕಿಡುತ್ತೇವೆ. ಆಮೇಲೆ ಮೊದಲ ಪಟ್ಟಿಯ ಒಂದೊಂದು ಆಯ್ಕೆಗೂ ಚೀಲದಲ್ಲಿ ಎಷ್ಟು ತೂಕ ಮಿಕ್ಕಿತು ಎಂದು ನೋಡಿ, ಅಷ್ಟರೊಳಗೆ ಎರಡನೆಯ ಪಟ್ಟಿ ಕೊಡಬಹುದಾದ ಹೆಚ್ಚಿನ ಬೆಲೆಯನ್ನು ಬೈನರಿ ಸರ್ಚ್‌ನಿಂದ ಸುಮಾರು 20 ಹೆಜ್ಜೆಯಲ್ಲಿ ಹುಡುಕುತ್ತೇವೆ. ಹುಡುಕಾಟಕ್ಕೆ ಒಟ್ಟು 2 ಕೋಟಿ ಹೆಜ್ಜೆ, ಜೋಡಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಈ ಅರ್ಧ ಮಾಡುವ ವಿಧಾನವನ್ನು ನ್ಯಾಪ್‌ಸ್ಯಾಕ್‌ಗೆ 1974ರಲ್ಲಿ ತೋರಿಸಿಕೊಟ್ಟವರು ಎಲ್ಲಿಸ್ ಹೊರೊವಿಟ್ಜ್ ಮತ್ತು ಸರ್ತಾಜ್ ಸಾಹ್ನಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಲ್ಗಾರಿದಮ್ ಓದಿದವರಿಗೆ ಈ ಜೋಡಿಯ ಹೆಸರು ಪಠ್ಯಪುಸ್ತಕದ ಮುಖಪುಟದಿಂದಲೇ ಪರಿಚಿತ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1972ರಲ್ಲಿ ರಿಚರ್ಡ್ ಕಾರ್ಪ್ ಅವರು ಕಠಿಣವೆಂದು ತೋರಿಸಿದ 21 ಸಮಸ್ಯೆಗಳ ಪಟ್ಟಿಯಲ್ಲಿ ನ್ಯಾಪ್‌ಸ್ಯಾಕ್ ಕೂಡ ಇದೆ. ಯಾವ ಮಿತಿಯೂ ಇಲ್ಲದೆ, ಎಲ್ಲ ಸಂದರ್ಭಕ್ಕೂ ವೇಗವಾಗಿ ಬಿಡಿಸುವ ದಾರಿ ಇಂದಿಗೂ ಯಾರಿಗೂ ಗೊತ್ತಿಲ್ಲ. ಹಾಗಿದ್ದೂ ನಾವು ಮೂರು ಸಲ ಬಿಡಿಸಿದೆವು. ಒಮ್ಮೆ ತೂಕ ಚಿಕ್ಕದಿತ್ತು, ಒಮ್ಮೆ ಬೆಲೆ ಚಿಕ್ಕದಿತ್ತು, ಒಮ್ಮೆ ವಸ್ತುಗಳೇ ಕಡಿಮೆ ಇದ್ದವು. ಹಾಗಾಗಿ ಮೂರೂ ದೊಡ್ಡದಾಗಿರುವ ಸಮಸ್ಯೆಯನ್ನು ಯಾರಾದರೂ ಸ್ಪರ್ಧೆಯಲ್ಲಿ ಕೊಟ್ಟರೆ, ನಮ್ಮ ಕಣ್ಣಿಗೆ ಬೀಳದ ನಾಲ್ಕನೆಯ ಸಾಲೊಂದು ಎಲ್ಲೋ ಇದೆ ಎಂದೇ ತಿಳಿಯಬೇಕು.

ಅಂಥದ್ದೊಂದು ನಿಜಕ್ಕೂ ಇದೆ. ಆಟ್‌ಕೋಡರ್‌ನಲ್ಲೇ ಸಿಂಪಲ್ ನ್ಯಾಪ್‌ಸ್ಯಾಕ್ ಎಂಬ ಇನ್ನೊಂದು ಸಮಸ್ಯೆ. ವಸ್ತುಗಳು 100, ಚೀಲದ ಶಕ್ತಿ 100 ಕೋಟಿ, ಬೆಲೆ ಒಂದೊಂದಕ್ಕೆ 1 ಕೋಟಿ. ತೂಕದ ಕೋಷ್ಟಕ ಆಗದು. ಬೆಲೆಯ ಕೋಷ್ಟಕಕ್ಕೂ ಒಟ್ಟು 100 ಕೋಟಿ ಮನೆ ಬೇಕು, ಅದೂ ಆಗದು. 100ನ್ನು ಅರ್ಧ ಮಾಡಿದರೆ 50, ಅಲ್ಲೂ ದಾರಿಯಿಲ್ಲ. ಆದರೆ ಮಿತಿಗಳ ನಡುವೆ ಒಂದು ಸಾಲು ಹೀಗಿದೆ: ಯಾವ ವಸ್ತುವಿನ ತೂಕವೂ ಮೊದಲ ವಸ್ತುವಿನ ತೂಕಕ್ಕಿಂತ ಕಡಿಮೆಯಿಲ್ಲ, ಅದಕ್ಕಿಂತ 3ಕ್ಕೂ ಹೆಚ್ಚಿಲ್ಲ. ಕಥೆಯ ಭಾಗದಲ್ಲಿ ಇದರ ಸುಳಿವೇ ಇಲ್ಲ. ಈ ಸಾಲಿನ ಅರ್ಥವೇನು? ತೂಕಗಳು ಎಷ್ಟೇ ದೊಡ್ಡದಿರಲಿ, ಬೇರೆ ಬೇರೆ ತೂಕಗಳು ನಾಲ್ಕೇ ಬಗೆ. ಒಂದೇ ತೂಕದ ವಸ್ತುಗಳಲ್ಲಿ ಹೆಚ್ಚು ಬೆಲೆಯದನ್ನೇ ಮೊದಲು ತೆಗೆದುಕೊಳ್ಳುತ್ತೇವೆ, ಅದರಲ್ಲಿ ಚರ್ಚೆಯಿಲ್ಲ. ಉಳಿಯುವ ಪ್ರಶ್ನೆ, ನಾಲ್ಕು ಗುಂಪುಗಳಿಂದ ಎಷ್ಟೆಷ್ಟು ಎಂಬುದು ಮಾತ್ರ. ಗುಂಪಿಗೆ ಇಪ್ಪತ್ತೈದರಂತೆ ಹಂಚಿಹೋದಾಗ ಸಾಧ್ಯತೆಗಳು ಅತಿ ಹೆಚ್ಚು. ಆಗಲೂ ಪ್ರತಿ ಗುಂಪಿನಲ್ಲಿ ಶೂನ್ಯದಿಂದ 25ರವರೆಗೆ 26 ಆಯ್ಕೆ, 26ನ್ನು ನಾಲ್ಕು ಸಲ ಗುಣಿಸಿದರೆ 4,56,976. ಅಷ್ಟನ್ನೂ ನೋಡಿಬಿಡಬಹುದು. ಆ ಒಂದು ಸಾಲು ಓದದವರಿಗೆ ಈ ಸಮಸ್ಯೆ ಬಿಡಿಸಲಾಗದ್ದು.

ಇದರಿಂದ ನಾನು ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಹೇಳುತ್ತೇನೆ. ಕೋಡ್ ಬರೆಯುವ ಮೊದಲು ಮಿತಿಗಳ ಒಂದೊಂದು ಅಂಕಿಯನ್ನೂ ಮುಟ್ಟಿ, “ನನ್ನ ವಿಧಾನದಲ್ಲಿ ಇದು ಎಲ್ಲಿ ಬಳಕೆಯಾಯಿತು” ಎಂದು ಕೇಳಿಕೊಳ್ಳಿ. ಇ ಸಮಸ್ಯೆಯ 1000 ಎಲ್ಲೂ ಬಳಕೆಯಾಗದಿದ್ದರೆ ವಿಧಾನದಲ್ಲಿ ಏನೋ ಕೊರತೆಯಿದೆ. ಅಂಕಿಗಳ ಸಾಲಿನಲ್ಲಿ ಇಲ್ಲದ ಮಿತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಗ್ಲಿಷಿನ ಸಣ್ಣ ಅಕ್ಷರಗಳು ಮಾತ್ರ ಇರುತ್ತವೆ ಎಂದರೆ ಅದು 26 ಎಂಬ ಮಿತಿ. ಗ್ರಾಫ್ ಒಂದು ಮರ ಎಂದರೆ ಅಂಚುಗಳ ಸಂಖ್ಯೆ ಬಿಂದುಗಳಿಗಿಂತ ಒಂದೇ ಕಡಿಮೆ ಎಂಬ ಮಿತಿ.

ಆದರೂ ಅಂಕಿಗಳನ್ನು ಕುರುಡಾಗಿ ನಂಬುವಂತಿಲ್ಲ. 5000 ಎಂದರೆ ಎರಡು ಲೂಪ್, 500 ಎಂದರೆ ಮೂರು ಲೂಪ್, 2 ಲಕ್ಷ ಎಂದರೆ ಜೋಡಿಸುವಷ್ಟು ಕೆಲಸ ಎಂದು ಪಟ್ಟಿ ಬಾಯಿಪಾಠ ಮಾಡುವವರಿದ್ದಾರೆ. ಲೆಕ್ಕ ತಪ್ಪಲ್ಲ: 5000ದ ವರ್ಗ ಎರಡೂವರೆ ಕೋಟಿ, 500ರ ಘನ ಹನ್ನೆರಡೂವರೆ ಕೋಟಿ, 2 ಲಕ್ಷದ ವರ್ಗ 4000 ಕೋಟಿ. ಆದರೆ ಮಿತಿ ಹೇಳುವುದು ಯಾವ ದಾರಿ ಹಿಡಿಸುವುದಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ. 100 ಎಂದು ಕೊಟ್ಟು ಒಂದೇ ಲೂಪ್‌ನಲ್ಲಿ ಮುಗಿಯುವ ಸಮಸ್ಯೆಗಳಿವೆ, ಸುಲಭದ ದಾರಿ ಇದೆಯೆಂಬ ಗುಟ್ಟನ್ನು ಬಿಟ್ಟುಕೊಡಬಾರದೆಂದೇ ಹಾಗೆ ಕೊಡುವವರಿದ್ದಾರೆ. ಚಿಕ್ಕ ಅಂಕಿ ಕಂಡು ಭಾರವಾದ ವಿಧಾನಕ್ಕೇ ಅಂಟಿಕೊಂಡರೆ ಅಲ್ಲಿ ಸುಮ್ಮನೆ ಸಮಯ ಹೋಗುತ್ತದೆ.

ಕೊನೆಯದಾಗಿ, ಬಹಳ ಮಂದಿ ಸಿಕ್ಕಿಬೀಳುವ ಒಂದು ಜಾಗ. ಕೆಲವು ಸಮಸ್ಯೆಗಳಲ್ಲಿ ಒಂದೇ ಓಟದಲ್ಲಿ ಹಲವು ಟೆಸ್ಟ್ ಕೇಸ್‌ಗಳು ಬರುತ್ತವೆ. ಕೇಸ್‌ಗಳು 10 ಸಾವಿರದವರೆಗೆ, ಪ್ರತಿ ಕೇಸ್‌ನಲ್ಲಿ ವಸ್ತುಗಳು 2 ಲಕ್ಷದವರೆಗೆ ಎಂದು ಓದಿದರೆ ಎದೆ ಒಡೆಯುತ್ತದೆ, ಓದುವುದಕ್ಕೇ 200 ಕೋಟಿ. ಅದರ ಪಕ್ಕದಲ್ಲಿ ಎಲ್ಲ ಕೇಸ್‌ಗಳ ವಸ್ತುಗಳ ಮೊತ್ತ 2 ಲಕ್ಷವನ್ನು ಮೀರದು ಎಂಬ ಇನ್ನೊಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಆಗ ಭಯವಿಲ್ಲ. ಆದರೆ ಪ್ರತಿ ಕೇಸ್ ಆರಂಭದಲ್ಲಿ 2 ಲಕ್ಷ ಮನೆಗಳ ಪಟ್ಟಿಯನ್ನು ಪೂರ್ತಿ ಶೂನ್ಯ ಮಾಡುವ ಪದ್ಧತಿ ಇಟ್ಟುಕೊಂಡಿದ್ದರೆ, ಎರಡೇ ವಸ್ತುಗಳಿರುವ ಕೇಸ್‌ಗೂ 2 ಲಕ್ಷ ಹೆಜ್ಜೆ ಖರ್ಚಾಗಿ ಆ 200 ಕೋಟಿ ಮತ್ತೆ ಬಂದು ಕೂರುತ್ತದೆ. ಆ ಕೇಸ್‌ಗೆ ಬೇಕಾದಷ್ಟು ಮನೆಗಳನ್ನು ಮಾತ್ರ ಶೂನ್ಯ ಮಾಡಿದರೆ ಸಾಕು. ಇದನ್ನು ಗುರುತಿಸುವುದು ಕಷ್ಟವಲ್ಲ: ಒಂದೇ ದೊಡ್ಡ ಕೇಸ್ ಇರುವ ಪರೀಕ್ಷೆ ಚಕ್ಕನೆ ದಾಟಿ, ಪುಟ್ಟ ಪುಟ್ಟ ಕೇಸ್‌ಗಳು ಸಾವಿರಾರು ಇರುವ ಪರೀಕ್ಷೆಯಲ್ಲಿ ಸಮಯ ಮೀರಿತು ಎಂದು ಬಂದರೆ, ಆಲ್ಗಾರಿದಮ್ ಅನ್ನು ಮುಟ್ಟಬೇಡಿ, ಪಟ್ಟಿ ತೊಳೆಯುವ ಆ ಒಂದು ಸಾಲನ್ನು ನೋಡಿ.